ಉಳಿತಾಯದ ಬಾರ್ ಕೆಂಪು, ಜಾಸ್ತಿ ಖರ್ಚಿನ ಬಾರ್ ಹಸಿರು: ನಮ್ಮ ಬಜೆಟ್ ಚಾರ್ಟಿನಲ್ಲಿ ಏನು ತಪ್ಪಾಗಿದೆ?

ಸಂಜೆಶಾಲೆ_ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹತ್ತಿರ ನಾವು ಒಂದು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಸಂಜೆ ಮಕ್ಕಳಿಗೆ ಪಾಠ, ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ, ಇಷ್ಟೇ ಕೆಲಸ. ಲೆಕ್ಕ ನೋಡಿಕೊಳ್ಳುವವಳು ನಾನು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಬಜೆಟ್ ಎಷ್ಟಿತ್ತು, ನಿಜವಾಗಿ ಎಷ್ಟಾಯಿತು ಅಂತ ಕಮಿಟಿಗೆ ತೋರಿಸಲು ಎಕ್ಸೆಲ್‌ನಲ್ಲಿ ಒಂದು ವೇರಿಯನ್ಸ್ ಬಾರ್ ಚಾರ್ಟ್ ಮಾಡಿದೆ. ಅನುಕೂಲವಾದದ್ದು ಹಸಿರು, ಪ್ರತಿಕೂಲವಾದದ್ದು ಕೆಂಪು.

ನಮ್ಮ ಅಧ್ಯಕ್ಷರು ನೋಡಿದ ತಕ್ಷಣ ಕೇಳಿದರು: "ತಿಂಡಿಗೆ ಬಜೆಟ್‌ಗಿಂತ ಜಾಸ್ತಿ ಖರ್ಚಾಗಿದೆ, ಅದು ಹಸಿರು ಯಾಕಮ್ಮ? ಗೌರವಧನದಲ್ಲಿ ಉಳಿದಿದೆ, ಅದು ಕೆಂಪು ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಸಾಲಿಗೂ ನಿಜದ ಮೊತ್ತದಲ್ಲಿ ಬಜೆಟ್ ಕಳೆದಿದ್ದೇನೆ. ಅಂಕಿಗಳು ಇವು:

```
ಸಾಲು              ಬಜೆಟ್       ನಿಜ
ಅನುದಾನ          4,80,000   4,20,000
ಊರಿನ ದೇಣಿಗೆ        60,000     78,000
ತರಬೇತಿ ಶುಲ್ಕ        90,000     84,000
ಶಿಕ್ಷಕರ ಗೌರವಧನ   2,88,000   2,40,000
ಬಾಡಿಗೆ             72,000     72,000
ಮಕ್ಕಳ ತಿಂಡಿ         72,000     88,920
ಕರೆಂಟ್             18,000     12,500
ಪುಸ್ತಕ, ಸ್ಟೇಷನರಿ     30,000     39,000
ಓಡಾಟ              24,000     21,000
```

ಮುಂದಿನ ಮೀಟಿಂಗ್ ಹತ್ತು ದಿನದಲ್ಲಿದೆ. ದಯವಿಟ್ಟು ಯಾರಾದರೂ ಹೇಳಿ.

ಮಿರ್ಚಿ_ಮಂಡಕ್ಕಿ

ಖರ್ಚಿನ ಬಾರ್‌ಗಳ ಬಣ್ಣ ಕೈಯಿಂದಲೇ ಬದಲಾಯಿಸಿಬಿಡಿ ಮೇಡಂ. ಐದು ನಿಮಿಷದ ಕೆಲಸ.

ಖಜಾಂಚಿ_ಅಕ್ಕ

ಬೇಡ ಬೇಡ, ಹಾಗೆ ಮಾಡಬೇಡಿ. ನಾನು ಒಮ್ಮೆ ಮಾಡಿ ಕೆಟ್ಟಿದ್ದೇನೆ. ಈ ತಿಂಗಳು ಕೈಯಿಂದ ಕೆಂಪು ಮಾಡಿದ ಬಾರ್, ಮುಂದಿನ ತಿಂಗಳು ಅಂಕಿ ಸರಿಹೋದರೂ ಕೆಂಪಾಗಿಯೇ ಉಳಿಯುತ್ತೆ. ಬಣ್ಣಕ್ಕೂ ಅಂಕಿಗೂ ಸಂಬಂಧ ತಪ್ಪಿಹೋಗುತ್ತೆ. ನಮ್ಮ ಸಂಘದಲ್ಲಿ ಮೂರು ತಿಂಗಳು ಯಾರೂ ಗಮನಿಸಲೇ ಇಲ್ಲ.

ಕಂಪ್ಯೂಟರ್_ಹೊಸಪೇಟೆ

ಇದಕ್ಕೆ ಎಕ್ಸೆಲ್‌ನಲ್ಲೇ ದಾರಿ ಇದೆ. ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ Format Data Series ತೆರೆಯಿರಿ. Fill ಒಳಗೆ Solid fill ಆರಿಸಿ, ಕೆಳಗೆ Invert if negative ಅಂತ ಇರುತ್ತೆ, ಟಿಕ್ ಮಾಡಿ. ಎರಡು ಬಣ್ಣ ಕೇಳುತ್ತೆ. ಮೊದಲನೆಯದು ಹಸಿರು, ಎರಡನೆಯದು ಕೆಂಪು. ಸಮಸ್ಯೆ ಮುಗಿಯಿತು.

ಲೆಕ್ಕದಪುಸ್ತಕ_ಬಳ್ಳಾರಿ

ಮುಗಿಯಲಿಲ್ಲ ತಮ್ಮಾ. ನೀನು ಹೇಳಿದ ಟಿಕ್ ಸರಿಯಾಗಿ ಕೆಲಸ ಮಾಡುತ್ತೆ, ಆದರೆ ಅದು ನೋಡುವುದು ಪ್ಲಸ್ಸೋ ಮೈನಸ್ಸೋ ಅಂತ ಮಾತ್ರ. ಅವರ ಚಾರ್ಟಿನಲ್ಲಿ ಈಗಲೂ ಆಗಿರುವುದು ಅದೇ. ಕೆಟ್ಟಿರುವುದು ಬಣ್ಣ ಅಲ್ಲ, ಕಳೆಯುವ ಲೆಕ್ಕ.

ನೋಡಿ ಮೇಡಂ. ಆದಾಯ ಬಜೆಟ್‌ಗಿಂತ ಜಾಸ್ತಿ ಬಂದರೆ ನಿಮಗೆ ಒಳ್ಳೆಯದು. ಖರ್ಚು ಬಜೆಟ್‌ಗಿಂತ ಜಾಸ್ತಿ ಆದರೆ ಒಳ್ಳೆಯದಲ್ಲ. ನೀವು ಎರಡಕ್ಕೂ ಒಂದೇ ರೀತಿ ಕಳೆದಿದ್ದೀರಿ. ಹಾಗಾಗಿ ಆದಾಯದ ಮೂರು ಸಾಲು ಸರಿ ಬಂದಿವೆ, ಖರ್ಚಿನ ಸಾಲುಗಳೆಲ್ಲ ತಲೆಕೆಳಗಾಗಿವೆ. ಆದಾಯಕ್ಕೆ ನಿಜದಲ್ಲಿ ಬಜೆಟ್ ಕಳೆಯಬೇಕು, ಖರ್ಚಿಗೆ ಬಜೆಟ್‌ನಲ್ಲಿ ನಿಜ ಕಳೆಯಬೇಕು. ಆಗ ಪ್ಲಸ್ ಬಂದದ್ದೆಲ್ಲ ಅನುಕೂಲ, ಮೈನಸ್ ಬಂದದ್ದೆಲ್ಲ ಪ್ರತಿಕೂಲ.

A ಕಾಲಂನಲ್ಲಿ ಸಾಲಿನ ಹೆಸರು, B ಯಲ್ಲಿ ಆದಾಯ ಅಥವಾ ಖರ್ಚು ಅಂತ ಬರೆಯಿರಿ, C ಬಜೆಟ್, D ನಿಜ. ಆಮೇಲೆ:

```
E2: =IF($B2="ಆದಾಯ",D2-C2,C2-D2)
F2: =MAX(E2,0)
G2: =MIN(E2,0)
```

F ಮತ್ತು G ಎರಡನ್ನೇ ಚಾರ್ಟಿಗೆ ಕೊಡಿ, Stacked Bar ಆರಿಸಿ. F ಗೆ ಒಂದು ಬಣ್ಣ, G ಗೆ ಇನ್ನೊಂದು. ಪ್ರತಿ ಸಾಲಿನಲ್ಲೂ ಎರಡರಲ್ಲಿ ಒಂದು ಸೊನ್ನೆಯೇ ಇರುತ್ತೆ, ಆದ್ದರಿಂದ ಒಂದೇ ಬಾರ್ ಕಾಣುತ್ತೆ. ಅಂಕಿ ಬದಲಾದರೆ ಬಣ್ಣ ತಾನೇ ಬದಲಾಗುತ್ತೆ. ಎಡಕ್ಕೆ ಹೋಗುವ ಬಾರ್ ಸಾಲಿನ ಹೆಸರಿನ ಮೇಲೆ ಬಂದು ಕೂತರೆ, ಹೆಸರುಗಳ ಮೇಲೆ ಕ್ಲಿಕ್ ಮಾಡಿ Label Position ಅನ್ನು Low ಮಾಡಿ. ಹೆಸರೆಲ್ಲ ಎಡ ಅಂಚಿಗೆ ಸರಿಯುತ್ತವೆ.

ಕಾಮರ್ಸ್_ಗಿಂತ_ಗಣಿತ

ವೇರಿಯನ್ಸ್ ಅಂದರೆ ಸರಾಸರಿಯಿಂದ ಪ್ರತಿ ಅಂಕಿ ಎಷ್ಟು ದೂರ ಇದೆ ಅಂತ ನೋಡಿ, ಅದರ ವರ್ಗ ತೆಗೆದುಕೊಂಡು ಮಾಡುವುದಲ್ವಾ? ಎಕ್ಸೆಲ್‌ನಲ್ಲಿ VAR ಅಂತಲೇ ಇದೆ. ಅದು ಮೈನಸ್ ಬರುವುದೇ ಇಲ್ಲ. ನೀವೆಲ್ಲ ಸುಮ್ನೆ ಕಳೆಯುತ್ತಿದ್ದೀರಿ.

ಖಜಾಂಚಿ_ಅಕ್ಕ

ಅದು ಬೇರೆ ವಿಷಯದ್ದಪ್ಪಾ, ಸಂಖ್ಯಾಶಾಸ್ತ್ರದ್ದು. ಲೆಕ್ಕಪತ್ರದವರು ಅದೇ ಹೆಸರನ್ನು ಬಜೆಟ್‌ಗೂ ನಿಜಕ್ಕೂ ಇರುವ ವ್ಯತ್ಯಾಸಕ್ಕೆ ಬಳಸುತ್ತಾರೆ. ಇಲ್ಲಿ ಕಳೆಯುವುದೇ ಸರಿ.

ಕಾಮರ್ಸ್_ಗಿಂತ_ಗಣಿತ

ಓಹ್, ಸರಿ ಅಕ್ಕಾ. ಗೊತ್ತಿರಲಿಲ್ಲ.

ಸಂಜೆಶಾಲೆ_ಕೊಪ್ಪಳ

ಬಳ್ಳಾರಿ ಸರ್, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಮಾಡಿದೆ. ತಿಂಡಿ ಕೆಂಪಾಯಿತು, ಗೌರವಧನ ಹಸಿರಾಯಿತು. ಆದರೆ ಈಗ ಅನುದಾನ ಹಸಿರು ತೋರಿಸುತ್ತಿದೆ, ಅದೂ ಎಲ್ಲಕ್ಕಿಂತ ಉದ್ದದ ಬಾರ್! ನಮಗೆ 60,000 ಕಡಿಮೆ ಬಂದಿದೆ. ಮೊದಲು ಅದೊಂದಾದರೂ ಸರಿ ಇತ್ತು.

ಲೆಕ್ಕದಪುಸ್ತಕ_ಬಳ್ಳಾರಿ

E ಕಾಲಂನ ಒಟ್ಟು ಎಷ್ಟು ಬರುತ್ತಿದೆ?

ಸಂಜೆಶಾಲೆ_ಕೊಪ್ಪಳ

1,02,580 ಸರ್.

ಲೆಕ್ಕದಪುಸ್ತಕ_ಬಳ್ಳಾರಿ

ಹಾಗಾದರೆ ಹಿಡಿದೆ. ಬಜೆಟ್ ಪ್ರಕಾರ ನಿಮ್ಮ ಕೈಯಲ್ಲಿ ಉಳಿಯಬೇಕಿದ್ದದ್ದು ಒಟ್ಟು ಆದಾಯ 6,30,000ದಲ್ಲಿ ಖರ್ಚು 5,04,000 ಹೋಗಿ 1,26,000. ನಿಜವಾಗಿ ಉಳಿದದ್ದು 5,82,000ದಲ್ಲಿ 4,73,420 ಹೋಗಿ 1,08,580. ಅಂದರೆ 17,420 ಕಡಿಮೆ. ಎಲ್ಲ ಬಾರ್‌ಗಳನ್ನು ಕೂಡಿದರೆ ಮೈನಸ್ 17,420 ಬರಲೇಬೇಕು. ಬರದಿದ್ದರೆ ಎಲ್ಲೋ ಒಂದು ಸಾಲು ತಿರುಗಿದೆ ಅಂತ ಅರ್ಥ.

ನಿಮಗೆ ಬಂದ ಒಟ್ಟಿಗೂ ಬರಬೇಕಾದ ಒಟ್ಟಿಗೂ 1,20,000 ವ್ಯತ್ಯಾಸ ಇದೆ. ಅದರ ಅರ್ಧ 60,000. ಚಿಹ್ನೆ ತಿರುಗಿದರೆ ತಪ್ಪು ಯಾವಾಗಲೂ ಆ ಸಾಲಿನ ಎರಡರಷ್ಟು ಇರುತ್ತೆ, ಆದ್ದರಿಂದ ಅರ್ಧ ಮಾಡಿ ಹುಡುಕಿದರೆ ಸಾಲು ಸಿಗುತ್ತೆ. ಅನುದಾನದ ಸಾಲಿನಲ್ಲಿ B ಕಾಲಂ ನೋಡಿ. ಆದಾಯ ಅಂತ ಬರೆದ ಮೇಲೆ ಒಂದು ಸ್ಪೇಸ್ ಬಿದ್ದಿರಬೇಕು. ಕಣ್ಣಿಗೆ ಕಾಣುವುದಿಲ್ಲ, ಆದರೆ ಫಾರ್ಮುಲಾಗೆ ಅದು ಬೇರೆ ಪದ. ಆದಾಯ ಅಲ್ಲ ಅಂದರೆ ಖರ್ಚು ಅಂತ ತಿಳಿದುಕೊಳ್ಳುತ್ತೆ.

ಸಂಜೆಶಾಲೆ_ಕೊಪ್ಪಳ

ಸ್ಪೇಸೇ ಇತ್ತು ಸರ್! ಈಗ ಒಟ್ಟು -17,420 ಬಂತು. ಎಷ್ಟು ಖುಷಿಯಾಯಿತು ಅಂದರೆ ಹೇಳಲಿಕ್ಕಾಗದು.

ನುಡಿಗಾರ_ರಾಯಚೂರು

ಇನ್ನೊಂದು ಎಚ್ಚರ. ನಮ್ಮ ಕಡೆ ಇನ್ನೂ ಸುಮಾರು ಕಚೇರಿಗಳಲ್ಲಿ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡುತ್ತಾರೆ, ಯೂನಿಕೋಡ್ ಅಲ್ಲ. ಪರದೆ ಮೇಲೆ ಆದಾಯ ಅಂತಲೇ ಕಾಣುತ್ತೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಂಪು. ಒಬ್ಬರು ನುಡಿಯಲ್ಲಿ, ಇನ್ನೊಬ್ಬರು ಮೊಬೈಲ್‌ನಲ್ಲಿ ಟೈಪ್ ಮಾಡಿದ ಹಾಳೆ ಸೇರಿಸಿದರೆ ಈ IF ಅರ್ಧ ಸಾಲಿಗೆ ಕೆಲಸ ಮಾಡುತ್ತೆ, ಅರ್ಧಕ್ಕೆ ಇಲ್ಲ. ಅದಕ್ಕೇ ನಾನು B ಯಲ್ಲಿ ಪದವನ್ನೇ ಬರೆಯುವುದಿಲ್ಲ. ಆದಾಯಕ್ಕೆ 1, ಖರ್ಚಿಗೆ -1 ಹಾಕುತ್ತೇನೆ.

```
E2: =(D2-C2)*B2
```

ಬಾಕಿ ಎಲ್ಲ ಬಳ್ಳಾರಿಯವರು ಹೇಳಿದ್ದೇ. ಇದರಲ್ಲಿ B ಖಾಲಿ ಬಿಟ್ಟರೆ ಬಾರ್ ಸೊನ್ನೆ ಆಗುತ್ತೆ, ಒಟ್ಟು ತಾಳೆಯಾಗುವುದಿಲ್ಲ, ಹಾಗಾಗಿ ತಪ್ಪು ಸಿಕ್ಕಿಬೀಳುತ್ತೆ.

ಖಜಾಂಚಿ_ಅಕ್ಕ

ನಮ್ಮ ಕಾರ್ಯದರ್ಶಿಗೆ -1 ನೋಡಿದರೆ ಅರ್ಥ ಆಗುವುದಿಲ್ಲ. ಪದ ಇದ್ದರೆ ಯಾರು ಬೇಕಾದರೂ ಓದಬಹುದು. ನಾನು ಪದದ ಪರ. ಬೇಕಾದರೆ ಡ್ರಾಪ್‌ಡೌನ್ ಇಟ್ಟುಬಿಡಿ, ಯಾರೂ ಟೈಪ್ ಮಾಡುವ ಹಾಗೇ ಇರಬಾರದು.

ನುಡಿಗಾರ_ರಾಯಚೂರು

ಡ್ರಾಪ್‌ಡೌನ್ ಇದ್ದರೂ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅದು ಹಾರಿಹೋಗುತ್ತೆ ಅಕ್ಕಾ. ನಾನು -1 ಬಿಡುವುದಿಲ್ಲ.

ಸಿಂಧನೂರು_ಭತ್ತ

ನಮ್ಮದೂ ಇದೇ ಗೋಳು. ನಮ್ಮದು ಸಣ್ಣ ರೈತ ಉತ್ಪಾದಕರ ಕಂಪನಿ, ಭತ್ತ ಕೊಂಡು ಮಾರುತ್ತೇವೆ. ಬಜೆಟ್ ಹಾಳೆ ಮಾಡಿಕೊಟ್ಟವರು ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ಪ್ರತಿ ತಿಂಗಳಿಗೂ ಹಂಚಿಬಿಟ್ಟಿದ್ದರು. ಮುಂಗಾರು ಭತ್ತ ನಮ್ಮಲ್ಲಿ ಕಟಾವಾಗುವುದೇ ನವೆಂಬರ್, ಡಿಸೆಂಬರ್‌ಗೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಚಾರ್ಟ್ ತೆಗೆದರೆ ಖರೀದಿ ಸಾಲು ದೊಡ್ಡ ಹಸಿರು, ಮಾರಾಟದ ಸಾಲು ದೊಡ್ಡ ಕೆಂಪು. ಎರಡೂ ಸುಳ್ಳು. ಡಿಸೆಂಬರ್‌ನಲ್ಲಿ ತಿರುಗಾಮುರುಗಾ. ಆಡಳಿತ ಮಂಡಳಿಯವರು ಪ್ರತಿ ಸಲ ಗಾಬರಿಯಾಗುತ್ತಿದ್ದರು.

ಈಗ ತಿಂಗಳುವಾರು ಬಜೆಟ್ ನಾವೇ ಕೂತು ಹಾಕುತ್ತೇವೆ. ಚೀಲ, ಹಮಾಲಿ, ಲಾರಿ ಬಾಡಿಗೆ ಎಲ್ಲ ಕಟಾವಿನ ತಿಂಗಳುಗಳಿಗೆ. ಬಾಡಿಗೆ, ಸಂಬಳ ಮಾತ್ರ ಸಮವಾಗಿ. ನೀವು ಆರು ತಿಂಗಳದ್ದು ಹೇಗೆ ಹಾಕಿದಿರಿ ಮೇಡಂ, ವರ್ಷದ ಅರ್ಧ ತೆಗೆದುಕೊಂಡಿರಾ?

ಸಂಜೆಶಾಲೆ_ಕೊಪ್ಪಳ

ಅಣ್ಣಾ, ಪುಸ್ತಕದ ಸಾಲು ಮಾತ್ರ ಜೂನ್‌ಗೇ ಇಟ್ಟಿದ್ದೆ, ಶಾಲೆ ಶುರುವಾಗುವಾಗ ಒಟ್ಟಿಗೆ ಕೊಳ್ಳುತ್ತೇವೆ. ಉಳಿದದ್ದು ತಿಂಗಳು ತಿಂಗಳು ಸಮ ಇರುವಂಥದ್ದೇ.

ಹಂಪಿದಾರಿ

ಸಿಂಧನೂರು ಅಣ್ಣ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ಬಜೆಟ್ ಏನು ಮಾಡಿದಿರಿ?

ಸಿಂಧನೂರು_ಭತ್ತ

ಆ ದಿನಗಳು ನೆನೆಸಿಕೊಂಡರೆ ಈಗಲೂ ಎದೆ ಢವಢವ ಅನ್ನುತ್ತೆ. ನೀರು ಹೋಗುವುದನ್ನು ಮೊಬೈಲ್‌ನಲ್ಲಿ ನೋಡುತ್ತಾ ಕೂತಿದ್ದೆವು. ನಿಂತ ಬೆಳೆಗೆ ನೀರು ಸಿಗುತ್ತೋ ಇಲ್ವೋ ಗೊತ್ತಿರಲಿಲ್ಲ. ನಾವು ಬಜೆಟ್ ಮುಟ್ಟಲಿಲ್ಲ. ಪಕ್ಕದಲ್ಲಿ ಹೊಸ ಅಂದಾಜು ಅಂತ ಇನ್ನೊಂದು ಕಾಲಂ ಹಾಕಿದೆವು. ಬಜೆಟ್ ಕಾಲಂ ತಿದ್ದಿದರೆ ಎಲ್ಲ ಬಾರ್ ಚಿಕ್ಕದಾಗಿ, ಏನೂ ಆಗಿಲ್ಲ ಅನ್ನುವ ಹಾಗೆ ಕಾಣುತ್ತಿತ್ತು.

ಕಪ್ಪುಬಿಳುಪು_ಝೆರಾಕ್ಸ್

ನನ್ನದು ಝೆರಾಕ್ಸ್ ಅಂಗಡಿ. ಸಂಘದವರು ಇಂಥ ಚಾರ್ಟ್ ತಂದು 15 ಕಾಪಿ ಕಪ್ಪುಬಿಳುಪಿನಲ್ಲಿ ತೆಗೆಸುತ್ತಾರೆ. ಹಸಿರು, ಕೆಂಪು ಎರಡೂ ಒಂದೇ ಬೂದು ಆಗಿ ಬರುತ್ತವೆ. ಮೀಟಿಂಗ್‌ನಲ್ಲಿ ಕೂತವರಿಗೆ ಏನು ಗೊತ್ತಾಗಬೇಕು? ಒಂದಕ್ಕೆ ಗಟ್ಟಿ ಬಣ್ಣ, ಇನ್ನೊಂದಕ್ಕೆ ಗೆರೆ ಗೆರೆ ಹಾಕಿ. Pattern fill ಅಂತ ಇರುತ್ತೆ.

ಲೆಕ್ಕದಪುಸ್ತಕ_ಬಳ್ಳಾರಿ

ಒಳ್ಳೆ ಮಾತು. ಬಣ್ಣದಲ್ಲೇ ಕೊಟ್ಟರೂ ಕೆಂಪು ಹಸಿರು ಬೇರೆ ಬೇರೆ ಕಾಣದ ಜನ ಇದ್ದಾರೆ, ನೀಲಿ ಮತ್ತು ಕಿತ್ತಳೆ ವಾಸಿ. ಬಾರ್ ಯಾವ ಕಡೆ ಹೋಗಿದೆ ಅನ್ನುವುದೇ ಮುಖ್ಯ ಸುಳಿವು, ಬಣ್ಣ ಆಮೇಲೆ. ನೆತ್ತಿಯಲ್ಲಿ ಬಲಕ್ಕೆ ಅನುಕೂಲ, ಎಡಕ್ಕೆ ಪ್ರತಿಕೂಲ ಅಂತ ಎರಡು ಪದ ಬರೆದುಬಿಡಿ.

ಸಂಜೆಶಾಲೆ_ಕೊಪ್ಪಳ

ಬರೆಯುತ್ತೇನೆ ಸರ್. ಈಗ ಬೇರೆ ತಲೆನೋವು ಶುರುವಾಗಿದೆ. ಸರಿಯಾದ ಚಾರ್ಟ್ ಅಧ್ಯಕ್ಷರಿಗೆ ಮೊಬೈಲ್‌ನಲ್ಲಿ ಕಳಿಸಿದೆ. ತಿಂಡಿಯ ಕೆಂಪು ಬಾರ್ ನೋಡಿ, "16,920 ಜಾಸ್ತಿ ಹೋಗಿದೆ, ಮುಂದಿನ ತಿಂಗಳಿಂದ ತಿಂಡಿ ವಾರಕ್ಕೆ ಮೂರೇ ದಿನ ಮಾಡೋಣ" ಅನ್ನುತ್ತಿದ್ದಾರೆ. ನಮ್ಮ ಮಕ್ಕಳಲ್ಲಿ ಅರ್ಧ ಜನ ಶಾಲೆಯಿಂದ ನೇರ ನಮ್ಮ ಹತ್ತಿರ ಬರುತ್ತಾರೆ. ಒಂದು ಹಿಡಿ ಒಗ್ಗರಣಿ ಮಂಡಕ್ಕಿ, ಒಂದು ಬಾಳೆಹಣ್ಣು, ಅದಿಲ್ಲದೆ ಏಳು ಗಂಟೆ ತನಕ ಕೂರುವುದು ಹೇಗೆ? ಚಾರ್ಟ್ ಸರಿ ಮಾಡಿ ನಾನೇ ಕಷ್ಟ ತಂದುಕೊಂಡೆನಾ ಅಂತ ಬೇಜಾರಾಗಿದೆ.

ಲೆಕ್ಕದಪುಸ್ತಕ_ಬಳ್ಳಾರಿ

ಬೇಜಾರಾಗಬೇಡಿ. ಬಜೆಟ್ ಮಾಡುವಾಗ ಎಷ್ಟು ಮಕ್ಕಳು, ದಿನಕ್ಕೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿದ್ದಿರಿ? ಈಗ ಎಷ್ಟು ಮಕ್ಕಳು ಬರುತ್ತಾರೆ?

ಸಂಜೆಶಾಲೆ_ಕೊಪ್ಪಳ

60 ಮಕ್ಕಳು, 120 ದಿನ, ದಿನಕ್ಕೆ ತಲಾ 10 ರೂಪಾಯಿ. ಈಗ 78 ಮಕ್ಕಳಿದ್ದಾರೆ ಸರ್. ಪಕ್ಕದ ತಾಂಡಾದಿಂದಲೂ ಬರತೊಡಗಿದ್ದಾರೆ.

ಲೆಕ್ಕದಪುಸ್ತಕ_ಬಳ್ಳಾರಿ

ಹಾಗಾದರೆ ಈ ಕೆಂಪು ಬಾರ್ ಒಳಗೆ ಎರಡು ಬಾರ್ ಅಡಗಿವೆ. ಬಿಡಿಸಿ ನೋಡೋಣ.

78 ಮಕ್ಕಳಿಗೆ ನಿಮ್ಮದೇ 10 ರೂಪಾಯಿ ದರದಲ್ಲಿ 120 ದಿನ ತಿಂಡಿ ಕೊಟ್ಟರೆ 93,600 ಆಗಬೇಕಿತ್ತು. ನೀವು ಮಾಡಿದ ಖರ್ಚು 88,920. ಅಂದರೆ ಒಂದು ಮಗುವಿಗೆ ದಿನಕ್ಕೆ ಒಂಬತ್ತೂವರೆ ರೂಪಾಯಿ, ಬಜೆಟ್‌ಗಿಂತ ಐವತ್ತು ಪೈಸೆ ಕಡಿಮೆ. ಅಡುಗೆ ನೋಡಿಕೊಳ್ಳುವವರು 4,680 ಉಳಿಸಿದ್ದಾರೆ, ಅದು ಅನುಕೂಲ. ಮಕ್ಕಳು 18 ಜನ ಜಾಸ್ತಿ ಬಂದದ್ದಕ್ಕೆ 21,600 ಹೋಗಿದೆ, ಅದು ಪ್ರತಿಕೂಲ. ಎರಡೂ ಸೇರಿ ನಿಮ್ಮ 16,920. ಪುಸ್ತಕದ ಸಾಲೂ ಹಾಗೇ. 30,000 ಅಂದರೆ 60 ಮಕ್ಕಳಿಗೆ ತಲಾ 500. 78 ಮಕ್ಕಳಿಗೆ 39,000, ನಿಮ್ಮ ಖರ್ಚು ಅಷ್ಟೇ ಇದೆ, ಒಂದು ರೂಪಾಯಿ ಆಚೀಚೆ ಇಲ್ಲ.

ಚಾರ್ಟಿನಲ್ಲಿ ತಿಂಡಿಗೆ ಒಂದು ಬಾರ್ ಬದಲು ಎರಡು ಹಾಕಿ. ಒಂದಕ್ಕೆ "ತಿಂಡಿ, ಮಕ್ಕಳು ಜಾಸ್ತಿಯಾದದ್ದು", ಇನ್ನೊಂದಕ್ಕೆ "ತಿಂಡಿ, ದರ" ಅಂತ ಹೆಸರಿಡಿ. ಅಧ್ಯಕ್ಷರು ಕೇಳಬೇಕಾದ ಪ್ರಶ್ನೆ ಆಗ ಅವರಿಗೇ ಕಾಣುತ್ತೆ. ಇನ್ನೂ 18 ಮಕ್ಕಳನ್ನು ಇಟ್ಟುಕೊಳ್ಳೋಣವೋ ಬೇಡವೋ ಅಂತ ಅವರು ಕೇಳಬೇಕು. ತಿಂಡಿ ಯಾಕೆ ದುಬಾರಿ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ.

ಬಜೆಟ್_ಅಂದ್ರೆ_ಬಜೆಟ್

ನಾನು ಇದನ್ನು ಒಪ್ಪುವುದಿಲ್ಲ. ಹೀಗೆ ಪ್ರತಿ ಕೆಂಪು ಬಾರ್‌ಗೂ ಒಂದು ಸಮಾಧಾನ ಹುಡುಕಿದರೆ ಬಜೆಟ್ ಯಾಕೆ ಬೇಕು? 18 ಮಕ್ಕಳನ್ನು ಸೇರಿಸಿಕೊಳ್ಳುವಾಗ ಕಮಿಟಿ ಒಪ್ಪಿಗೆ ತೆಗೆದುಕೊಂಡಿದ್ದರಾ? ಆದಾಯ ಜಾಸ್ತಿ ಆಗಲಿಲ್ಲ, ಮಕ್ಕಳು ಮಾತ್ರ ಜಾಸ್ತಿ ಆದರು. ನಾನು ಹತ್ತು ವರ್ಷ ಒಂದು ಸಹಕಾರ ಸಂಘದ ಲೆಕ್ಕ ನೋಡಿದವನು, ಒಳ್ಳೆ ಕಾರಣಕ್ಕೇ ಜಾಸ್ತಿ ಖರ್ಚು ಮಾಡಿ ಕೊನೆಗೆ ಸಂಬಳ ಕೊಡಲಾಗದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸಂಜೆಶಾಲೆ_ಕೊಪ್ಪಳ

ನಿಮ್ಮ ಮಾತಿನಲ್ಲೂ ನಿಜ ಇದೆ ಸರ್. ಕಮಿಟಿಯಲ್ಲಿ ಬಾಯಿಮಾತಿಗೆ ಹೇಳಿದ್ದೆವು, ನಡಾವಳಿಯಲ್ಲಿ ಬರೆದಿಲ್ಲ.

ಲೆಕ್ಕದಪುಸ್ತಕ_ಬಳ್ಳಾರಿ

ಬರೆಸಿ. ಅವರು ಹೇಳಿದ್ದು ಸರಿ. ಬಿಡಿಸಿ ತೋರಿಸಿದ ಮಾತ್ರಕ್ಕೆ ಖರ್ಚು ಮಾಯವಾಗುವುದಿಲ್ಲ, ಕೆಂಪು 16,920 ಕೆಂಪೇ.

ಖಜಾಂಚಿ_ಅಕ್ಕ

ನೀವೆಲ್ಲ ಕೆಂಪು ಬಾರ್ ಬೆನ್ನು ಹತ್ತಿದ್ದೀರಿ. ನನಗೆ ಆ ಹಸಿರು ಬಾರ್ ಮೇಲೆ ಕಣ್ಣು. ಗೌರವಧನದಲ್ಲಿ 48,000 ಉಳಿದದ್ದು ಹೇಗಮ್ಮಾ? ಮಕ್ಕಳು ಜಾಸ್ತಿ, ಶಿಕ್ಷಕರ ಖರ್ಚು ಕಡಿಮೆ, ಇದು ತಾಳೆ ಆಗುತ್ತಿಲ್ಲ.

ಸಂಜೆಶಾಲೆ_ಕೊಪ್ಪಳ

ನಾಲ್ಕು ಜನ ಶಿಕ್ಷಕರಿಗೆ ತಿಂಗಳಿಗೆ ತಲಾ 12,000 ಅಂತ ಇಟ್ಟಿದ್ದೆವು ಅಕ್ಕಾ. ಗಣಿತದ ಮೇಡಂ ಮೇ ಕೊನೆಗೆ ಬಿಟ್ಟುಹೋದರು, ಜೂನ್‌ನಿಂದ ಜಾಗ ಖಾಲಿ. ನಾಲ್ಕು ತಿಂಗಳು, 48,000. ಉಳಿದ ಮೂವರೇ ಹಂಚಿಕೊಂಡು ನಡೆಸುತ್ತಿದ್ದಾರೆ. ಗಣಿತ ಸರಿಯಾಗಿ ಆಗುತ್ತಿಲ್ಲ.

ಖಜಾಂಚಿ_ಅಕ್ಕ

ನೋಡಿದಿರಾ? ಚಾರ್ಟಿನಲ್ಲಿ ಅತಿ ಉದ್ದದ ಹಸಿರು ಬಾರ್ ಅದು. ಕಮಿಟಿಯವರು ಅದನ್ನು ನೋಡಿ ಭೇಷ್ ಅನ್ನುತ್ತಾರೆ. 78 ಮಕ್ಕಳಿಗೆ ಗಣಿತ ಹೇಳುವವರೇ ಇಲ್ಲ. ಇದನ್ನು ಅನುಕೂಲ ಅನ್ನಲು ನನಗೆ ಬಾಯೇ ಬರುವುದಿಲ್ಲ.

ಇನ್ನೊಂದು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಅನುದಾನ 60,000 ಕಡಿಮೆ ಬಂದದ್ದು ಯಾಕೆ? ಕೊಡುವವರು ಕಡಿತ ಮಾಡಿದರಾ, ತಡ ಮಾಡಿದರಾ?

ಸಂಜೆಶಾಲೆ_ಕೊಪ್ಪಳ

ತಡೆಹಿಡಿದಿದ್ದಾರೆ ಅಕ್ಕಾ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕೇಳಿದ್ದರು. ಕೊಟ್ಟಿದ್ದೆವು. ಅದರಲ್ಲಿ ಗೌರವಧನದ ಹಣ ಖರ್ಚಾಗದೆ ಉಳಿದಿದೆ ಅಂತ ಇತ್ತು. ಅದನ್ನು ಬಳಸಿ ಮುಗಿಸಿದ ಮೇಲೆ ಉಳಿದದ್ದು ಕೊಡುತ್ತೇವೆ ಅಂತ ಪತ್ರ ಬಂದಿದೆ.

ಅಯ್ಯೋ. ಬರೆಯುತ್ತಾ ಬರೆಯುತ್ತಾ ಈಗ ಹೊಳೆಯಿತು.

ಖಜಾಂಚಿ_ಅಕ್ಕ

ಹೂಂ. ಆ ಹಸಿರು 48,000 ಮತ್ತು ಆ ಕೆಂಪು 60,000 ಎರಡೂ ಒಂದೇ ಕಥೆ. ಶಿಕ್ಷಕಿ ಇಲ್ಲ, ಹಣ ಖರ್ಚಾಗಲಿಲ್ಲ, ಅದಕ್ಕೇ ಮುಂದಿನ ಹಣ ಬರಲಿಲ್ಲ. ಎರಡು ಬಾರ್ ಚಾರ್ಟಿನ ಎರಡು ತುದಿಯಲ್ಲಿ ಇರುವುದರಿಂದ ಯಾರಿಗೂ ಕಾಣುವುದಿಲ್ಲ.

ಲೆಕ್ಕದಪುಸ್ತಕ_ಬಳ್ಳಾರಿ

ಅಕ್ಕಾ, ಇದು ನನಗೂ ಹೊಳೆದಿರಲಿಲ್ಲ. ಮೇಡಂ, ಅನುದಾನದ ಸಾಲು ಮತ್ತು ಗೌರವಧನದ ಸಾಲನ್ನು ಚಾರ್ಟಿನಲ್ಲಿ ಒಂದರ ಕೆಳಗೆ ಒಂದು ಇಡಿ. ಆದಾಯ ಮೇಲೆ, ಖರ್ಚು ಕೆಳಗೆ ಅನ್ನುವ ಕ್ರಮ ಮುರಿದರೂ ಪರವಾಗಿಲ್ಲ. ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಜೂನ್‌ನಿಂದ ಗಣಿತ ಶಿಕ್ಷಕರ ಜಾಗ ಖಾಲಿ. ಕರೆಂಟ್ ಸಾಲನ್ನೂ ಒಮ್ಮೆ ನೋಡಿ, ತಿಂಗಳಿಗೆ 3,000 ಇಟ್ಟು ಆರು ತಿಂಗಳಿಗೆ 12,500 ಅಂದರೆ ನನಗೆ ಅನುಮಾನ.

ಸಂಜೆಶಾಲೆ_ಕೊಪ್ಪಳ

ಆಗಸ್ಟ್, ಸೆಪ್ಟೆಂಬರ್ ಬಿಲ್ ಕಟ್ಟಿಲ್ಲ ಸರ್, ಹಾಗಾಗಿ ಬರೆದಿಲ್ಲ. ಎರಡೂ ಸೇರಿ 5,900.

ಲೆಕ್ಕದಪುಸ್ತಕ_ಬಳ್ಳಾರಿ

ಹಾಗಾದರೆ ನಿಜದ ಖರ್ಚು 18,400. ಹಸಿರು 5,500 ಹೋಗಿ ಕೆಂಪು 400 ಆಯಿತು. ಫ್ಯಾನು, ಲೈಟು ಉರಿದಾಗಿದೆ, ದುಡ್ಡು ಕೊಡುವುದಷ್ಟೇ ಬಾಕಿ. ಬಜೆಟ್‌ನಲ್ಲಿ ಆರು ತಿಂಗಳದ್ದು ಇಟ್ಟರೆ ನಿಜದಲ್ಲೂ ಆರು ತಿಂಗಳದ್ದೇ ಇರಬೇಕು. ಇಲ್ಲವಾದರೆ ಬಿಲ್ ಕಟ್ಟದೆ ಕೂತ ಸಂಸ್ಥೆಯ ಚಾರ್ಟೇ ಎಲ್ಲಕ್ಕಿಂತ ಹಸಿರಾಗಿ ಕಾಣುತ್ತೆ. ಇದನ್ನು ತಿದ್ದಿದ ಮೇಲೆ ಒಟ್ಟು -17,420 ಹೋಗಿ -23,320 ಬರಬೇಕು. ತಾಳೆ ನೋಡಿ.

ಕಂಪ್ಯೂಟರ್_ಹೊಸಪೇಟೆ

ಒಂದು ಸಲಹೆ. ಗೌರವಧನ, ಅನುದಾನದಂಥ ಸಾಲುಗಳಿಗೆ ಮೂರನೇ ಬಣ್ಣ ಕೊಡಬಹುದಲ್ವಾ? ಬೂದು ಬಣ್ಣ, ತಡವಾದದ್ದು ಅಂತ. H ಕಾಲಂ ಒಂದು ಸೇರಿಸಿದರೆ ಆಯಿತು. ಆಗ ನಿಜವಾದ ಉಳಿತಾಯ ಯಾವುದು, ತಡವಾದದ್ದು ಯಾವುದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ಖಜಾಂಚಿ_ಅಕ್ಕ

ತಡ ಯಾವುದು, ನಷ್ಟ ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಲೆಕ್ಕ ಬರೆಯುವವರೇ. ಮುಜುಗರ ತರುವ ಸಾಲನ್ನೆಲ್ಲ ಬೂದು ಮಾಡಿಬಿಡಬಹುದು. ಮತ್ತೆ ಗೌರವಧನದ 48,000 ತಡವಾದದ್ದೂ ಅಲ್ಲ. ಆ ನಾಲ್ಕು ತಿಂಗಳ ಪಾಠ ಹೋದದ್ದು ಹೋಯಿತು, ಯಾರೂ ಹಿಂದಕ್ಕೆ ಹೋಗಿ ಹೇಳಿಕೊಡುವುದಿಲ್ಲ. ನಾನು ಎರಡೇ ಬಣ್ಣ, ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಅನ್ನುವವಳು.

ಸಿಂಧನೂರು_ಭತ್ತ

ನಮಗೆ ಬೂದು ಬೇಕೇ ಬೇಕು ಅಕ್ಕಾ. ಮಾರಿದ ಭತ್ತದ ದುಡ್ಡು ಮಿಲ್‌ನವರಿಂದ ಬರುವುದು ತಿಂಗಳು ತಡ. ಅದು ನಷ್ಟ ಅಲ್ಲ, ಕೆಂಪು ತೋರಿಸಿದರೆ ಸದಸ್ಯರು ಷೇರು ವಾಪಸ್ ಕೇಳುತ್ತಾರೆ.

ಬಜೆಟ್_ಅಂದ್ರೆ_ಬಜೆಟ್

ಮಾರಿದ್ದನ್ನು ಮಾರಿದ ತಿಂಗಳಲ್ಲೇ ಆದಾಯ ಅಂತ ಬರೆದರೆ ಕೆಂಪೇ ಬರುವುದಿಲ್ಲವಲ್ಲ ಸಿಂಧನೂರು ಅಣ್ಣ. ಬಳ್ಳಾರಿಯವರು ಕರೆಂಟ್ ಬಿಲ್‌ಗೆ ಹೇಳಿದ್ದೇ ನಿಮಗೂ.

ಸಿಂಧನೂರು_ಭತ್ತ

ಹೌದಲ್ಲ. ನಮ್ಮ ಲೆಕ್ಕಿಗರನ್ನು ಕೇಳುತ್ತೇನೆ.

ಮಿರ್ಚಿ_ಮಂಡಕ್ಕಿ

ಒಂಬತ್ತೂವರೆ ರೂಪಾಯಿಗೆ ಮಂಡಕ್ಕಿ, ಬಾಳೆಹಣ್ಣು ಎರಡೂ ಹೇಗೆ ಕೊಡುತ್ತೀರಿ ಮೇಡಂ? ನಮ್ಮ ಬಳ್ಳಾರಿಯಲ್ಲಿ ಮಿರ್ಚಿ ಒಂದು ಬಿಟ್ಟು ಬರೀ ಮಂಡಕ್ಕಿಯೇ ಅದಕ್ಕಿಂತ ಜಾಸ್ತಿ.

ಸಂಜೆಶಾಲೆ_ಕೊಪ್ಪಳ

ಮಂಡಕ್ಕಿ ಚೀಲಗಟ್ಟಲೆ ಭಟ್ಟಿಯಿಂದಲೇ ತರುತ್ತೇವೆ ಅಣ್ಣಾ. ಬಾಳೆಹಣ್ಣು ಸಂತೆ ದಿನ ಸಂಜೆ ಕೊಳ್ಳುತ್ತೇವೆ, ಕಡಿಮೆಗೆ ಸಿಗುತ್ತೆ. ಅಡುಗೆಯ ಅಜ್ಜಿ ತಾವೇ ಹೋಗಿ ಆರಿಸುತ್ತಾರೆ. ಆ 4,680 ಅವರದು.

ಸಂಜೆಶಾಲೆ_ಕೊಪ್ಪಳ

ಇವತ್ತು ಮೀಟಿಂಗ್ ಆಯಿತು, ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಒಂದೇ ಹಾಳೆ, ಅನುಕೂಲ ಗಟ್ಟಿ ಕಪ್ಪು, ಪ್ರತಿಕೂಲ ಗೆರೆ ಗೆರೆ. ಕೆಳಗೆ ಒಟ್ಟು -23,320, ತಾಳೆ ಆಯಿತು. ಮೇಲೆ ಅನುದಾನ, ಅದರ ಕೆಳಗೇ ಗೌರವಧನ. ಎರಡು ಬಾರ್ ಒಂದು ಎಡಕ್ಕೆ ಒಂದು ಬಲಕ್ಕೆ ಚಾಚಿಕೊಂಡದ್ದನ್ನು ನೋಡಿ ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಿಂಡಿಯ ಮಾತೇ ಬರಲಿಲ್ಲ, ಗಣಿತ ಶಿಕ್ಷಕರ ಮಾತೇ ಒಂದು ಗಂಟೆ ನಡೆಯಿತು. ಗಂಗಾವತಿ ಕಡೆಯ ಒಬ್ಬರನ್ನು ಸೋಮವಾರ ಕರೆದಿದ್ದಾರೆ.

78 ಮಕ್ಕಳ ವಿಷಯ ನಡಾವಳಿಯಲ್ಲಿ ಬರೆಸಿದೆ. ಆದರೆ ಮುಂದಿನ ಆರು ತಿಂಗಳಿಗೆ ಬಜೆಟ್‌ನಲ್ಲಿ 60ನ್ನು 78 ಮಾಡಬೇಕೋ, ಹಾಗೇ ಬಿಟ್ಟು ಪ್ರತಿ ಸಲ ಎರಡು ಬಾರ್ ತೋರಿಸಬೇಕೋ ಅಂತ ಜಗಳ ಆಯಿತು. ನಮ್ಮ ಟ್ರಸ್ಟಿನ ಖಜಾಂಚಿ ಒಂದು ಕಡೆ, ಅಧ್ಯಕ್ಷರು ಒಂದು ಕಡೆ.

ಬಜೆಟ್_ಅಂದ್ರೆ_ಬಜೆಟ್

ಹಾಗೇ ಬಿಡಿ. ಮಾರ್ಚ್‌ವರೆಗೆ ಮುಟ್ಟಬೇಡಿ.

ಸಿಂಧನೂರು_ಭತ್ತ

ಪಕ್ಕದಲ್ಲಿ ಹೊಸ ಅಂದಾಜು ಕಾಲಂ ಹಾಕಿ ಮೇಡಂ, ನಾವು ಗೇಟು ಹೋದಾಗ ಮಾಡಿದ ಹಾಗೆ.

ಲೆಕ್ಕದಪುಸ್ತಕ_ಬಳ್ಳಾರಿ

ಕಮಿಟಿ ಠರಾವು ಮಾಡಿದರೆ ತಿದ್ದಬಹುದು, ಹಳೆಯದನ್ನು ಅಳಿಸದೆ. ಹೊಸ ಶಿಕ್ಷಕರಿಗೂ 12,000ವೇ ಕೊಡುತ್ತೀರಾ, ಜಾಸ್ತಿ ಕೇಳುತ್ತಾರಾ? ಅದು ಗೊತ್ತಾಗಲಿ, ಆಮೇಲೆ ಹಾಳೆ ಇಲ್ಲಿ ಹಾಕಿ, ನೋಡೋಣ.